ಒನೇಗಿನ್‌ನ ಸ್ವರಗಳು ಮತ್ತು ಒಂದು ಹಳೆಯ ಜಗಳ

1913ರ ಜನವರಿ 23ರಂದು ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿಯ ಮುಂದೆ ಗಣಿತಜ್ಞ ಆಂದ್ರೇಯ್ ಮಾರ್ಕೊವ್ ವಿಚಿತ್ರ ಲೆಕ್ಕವೊಂದನ್ನು ಇಟ್ಟರು. ಪುಷ್ಕಿನ್‌ನ ಪದ್ಯ ಕಾದಂಬರಿ ‘ಯೆವ್ಗೆನಿ ಒನೇಗಿನ್’ನ ಮೊದಲ ಅಧ್ಯಾಯವನ್ನೂ ಎರಡನೆಯದರ ಹದಿನಾರು ಪದ್ಯಗಳನ್ನೂ ತೆಗೆದುಕೊಂಡು, ಪದಗಳ ನಡುವಿನ ಜಾಗ, ವಿರಾಮಚಿಹ್ನೆ, ಉಚ್ಚಾರವಿಲ್ಲದ ಎರಡು ಚಿಹ್ನೆಗಳನ್ನೆಲ್ಲ ಕಿತ್ತುಹಾಕಿ, ಉಳಿದ 20,000 ಅಕ್ಷರಗಳನ್ನು ಅವರು ಕೈಯಲ್ಲೇ ಎಣಿಸಿದ್ದರು. ಸ್ವರಗಳು 8,638, ವ್ಯಂಜನಗಳು 11,362. ಸ್ವರದ ಬೆನ್ನಿಗೇ ಸ್ವರ ಬಂದದ್ದು 1,104 ಸಲ. ಕಾವ್ಯವನ್ನು ಹೀಗೆ ಸುಲಿದಿಟ್ಟದ್ದಕ್ಕೆ ರಸಿಕರು ಮೂಗು ಮುರಿಯಬಹುದು. ಆದರೆ ಮಾರ್ಕೊವ್ ಇಳಿದದ್ದು ಕಾವ್ಯವಿಮರ್ಶೆಗಲ್ಲ, ಜಗಳಕ್ಕೆ.

ಜಗಳದ ಇನ್ನೊಂದು ತುದಿಯಲ್ಲಿದ್ದವರು ಮಾಸ್ಕೋದ ಪಾವೆಲ್ ನೆಕ್ರಾಸೊವ್. ಧರ್ಮಶಾಸ್ತ್ರ ಓದಿ ಗಣಿತಕ್ಕೆ ಬಂದವರು. 1902ರಲ್ಲಿ ಅವರೊಂದು ವಾದ ಹೂಡಿದರು. ಒಂದರ ಪ್ರಭಾವ ಇನ್ನೊಂದರ ಮೇಲಿಲ್ಲದ ಘಟನೆಗಳಲ್ಲಿ ಮಾತ್ರ ಸರಾಸರಿ ಒಂದು ಕಡೆ ನೆಲೆ ನಿಲ್ಲುತ್ತದೆ. ಅಪರಾಧಗಳ ವಾರ್ಷಿಕ ಸರಾಸರಿ ನೆಲೆ ನಿಂತಿದೆ. ಹಾಗಾದರೆ ಮನುಷ್ಯರ ಕೃತ್ಯಗಳು ಸ್ವತಂತ್ರ, ಅಂದರೆ ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆ! ಮಾರ್ಕೊವ್‌ಗೆ ಇದು ಮೈ ಉರಿಸಿತು. ಟಾಲ್‌ಸ್ಟಾಯ್‌ರನ್ನು ಹೊರಹಾಕಿದ ಚರ್ಚಿಗೆ ‘ನನ್ನನ್ನೂ ಹೊರಹಾಕಿ’ ಎಂದು 1912ರಲ್ಲಿ ಅರ್ಜಿ ಕೊಟ್ಟ ಮನುಷ್ಯ ಅವರು. ರೊಮಾನೊವ್ ವಂಶದ ಮುನ್ನೂರನೇ ವರ್ಷದ ವೈಭವ ನಡೆದ 1913ರಲ್ಲೇ, ಬರ್ನೂಲಿಯ ಬೃಹತ್ ಸಂಖ್ಯಾ ನಿಯಮಕ್ಕೆ ಇನ್ನೂರು ತುಂಬಿತೆಂದು ಬೇರೆಯದೇ ಉತ್ಸವ ಮಾಡಿಸಿದವರು. ಪರಸ್ಪರ ಅಂಟಿಕೊಂಡ ಘಟನೆಗಳಲ್ಲೂ ಸರಾಸರಿ ನೆಲೆ ನಿಲ್ಲಬಲ್ಲದು ಎಂದು ಅವರು 1906ರಲ್ಲೇ ಕಾಗದದ ಮೇಲೆ ತೋರಿಸಿದ್ದರು. ಪುಷ್ಕಿನ್ ಆಮೇಲೆ ಸಿಕ್ಕ ಸಾಕ್ಷಿ.

ಈಗ ಲೆಕ್ಕಕ್ಕೆ ಬರೋಣ. ಸ್ವರದ ನಂತರ ಮತ್ತೆ ಸ್ವರ ಬರುವ ಸಂಭವ 1,104 ಭಾಗಿಸು 8,638, ಅಂದರೆ 0.128. ವ್ಯಂಜನದ ನಂತರ ಸ್ವರ ಬರುವ ಸಂಭವ 0.663. ಇಂದಿನ ರೀತಿಯಲ್ಲಿ ಬರೆದರೆ ಇದೊಂದು ಪುಟ್ಟ ಮ್ಯಾಟ್ರಿಕ್ಸ್. ಮೇಲಿನ ಸಾಲು ‘ಈಗ ಸ್ವರ’, ಕೆಳಗಿನದು ‘ಈಗ ವ್ಯಂಜನ’; ಎಡಗಂಬ ‘ಮುಂದೆ ಸ್ವರ’, ಬಲಗಂಬ ‘ಮುಂದೆ ವ್ಯಂಜನ’.

```
P = | 0.128  0.872 |
    | 0.663  0.337 |
```

ಈಗ ಸ್ವರವಿದ್ದರೆ ಹತ್ತು ಅಕ್ಷರದಾಚೆ ಸ್ವರವಿರುವ ಸಂಭವವೆಷ್ಟು? P ಯನ್ನು ಅದರಿಂದಲೇ ಗುಣಿಸುತ್ತ ಹತ್ತನೇ ಘಾತಕ್ಕೆ ಹೋಗಬೇಕು. ಪ್ರತಿ ಗುಣಾಕಾರದಲ್ಲೂ ನಾಲ್ಕು ಸಂಖ್ಯೆಗಳು ಒಂದರೊಳಗೊಂದು ಕಲಸಿಹೋಗುವುದರಿಂದ ಕೈಯಲ್ಲಿ ಮಾಡುವವರಿಗೆ ಬೇಸರವೂ ಹೌದು, ತಪ್ಪುವ ಅಪಾಯವೂ ಹೌದು. ಅದಕ್ಕಿಂತ ಮುಖ್ಯವಾಗಿ, ಉತ್ತರ ಸಿಕ್ಕರೂ ಅದು ಯಾಕೆ ಹಾಗಾಯಿತು ಎಂಬುದು ಕಾಣುವುದಿಲ್ಲ.

ಕಲಸದೆ ಗುಣಿಸುವ ದಾರಿಯೊಂದಿದೆ. P ಯಿಂದ ಗುಣಿಸಿದಾಗ ದಿಕ್ಕು ಬದಲಿಸದೆ ಅಳತೆ ಮಾತ್ರ ಬದಲಿಸುವ ಜೋಡಿಗಳನ್ನು ಹುಡುಕಬೇಕು. (1, 1) ಅಂಥದ್ದೊಂದು: ಪ್ರತಿ ಸಾಲಿನ ಮೊತ್ತ 1 ಆದ್ದರಿಂದ ಅದು ಇದ್ದಂತೆಯೇ ಉಳಿಯುತ್ತದೆ. ಇನ್ನೊಂದು (0.872, −0.663). ಗುಣಿಸಿ ನೋಡಿದರೆ ಅದರ ಎರಡೂ ಅಂಕಿಗಳು −0.535 ಪಟ್ಟಾಗಿ ಹೊರಬರುತ್ತವೆ. ಈ 1 ಮತ್ತು −0.535 ಗಳೇ P ಯ ಐಗನ್ ಮೌಲ್ಯಗಳು. ಎರಡನೆಯದು ಎಲ್ಲಿಂದ ಬಂತೆಂದು ತಲೆ ಕೆರೆದುಕೊಳ್ಳಬೇಕಿಲ್ಲ, 0.128 ರಿಂದ 0.663 ಕಳೆದರೆ ಸಿಗುವುದು ಅದೇ. ಮಾರ್ಕೊವ್ ಇದನ್ನು δ ಎಂದು ಗುರುತಿಸಿದ್ದರು.

‘ಸ್ವರವಾದರೆ 1, ವ್ಯಂಜನವಾದರೆ 0’ ಎಂಬ ನಮ್ಮ ಪ್ರಶ್ನೆಯನ್ನು (1, 0) ಎಂದು ಬರೆದು, ಆ ಎರಡು ಜೋಡಿಗಳಾಗಿ ಒಡೆಯಬಹುದು. ಮೊದಲನೆಯದರ ಪಾಲು 0.432, ಎರಡನೆಯದರ ಪಾಲು ಸುಮಾರು 0.651. ಒಂದು ಅಕ್ಷರ ಮುಂದೆ ಹೋದಾಗಲೆಲ್ಲ ಮೊದಲ ಪಾಲು ಅಲುಗುವುದಿಲ್ಲ, ಎರಡನೆಯದು −0.535 ರಿಂದ ಗುಣಿತವಾಗುತ್ತದೆ. ಮ್ಯಾಟ್ರಿಕ್ಸ್‌ನ ಘಾತ ಹೀಗೆ ಒಂದು ಸಂಖ್ಯೆಯ ಘಾತಕ್ಕೆ ಇಳಿಯಿತು. ಪುಸ್ತಕಗಳಲ್ಲಿ ಇದನ್ನೇ P = S D S⁻¹ ಎಂದು ಬರೆಯುತ್ತಾರೆ. S ನ ಕಂಬಗಳು ಆ ಎರಡು ಜೋಡಿಗಳು, D ಯಲ್ಲಿ ಕರ್ಣದ ಮೇಲಿನ 1 ಮತ್ತು −0.535 ಬಿಟ್ಟರೆ ಉಳಿದದ್ದೆಲ್ಲ ಸೊನ್ನೆ. ಸಾಲಾಗಿ ಗುಣಿಸಿದರೆ ನಡುವಿನ S⁻¹ S ಗಳೆಲ್ಲ ಹೊಡೆದುಹೋಗಿ S Dⁿ S⁻¹ ಮಾತ್ರ ಉಳಿಯುತ್ತದೆ. ಸ್ವರದಿಂದ ಹೊರಟು n ಅಕ್ಷರದಾಚೆ ಸ್ವರ ಸಿಗುವ ಸಂಭವ ಹೀಗೆ:

```
0.432 + 0.568 × (−0.535)ⁿ
```

n = 1 ಎಂದರೆ 0.128, ಸರಿಯಾಗಿದೆ. n = 2 ಕ್ಕೆ 0.595, 3 ಕ್ಕೆ 0.345, 4 ಕ್ಕೆ 0.479. ಋಣ ಚಿಹ್ನೆಯಿಂದಾಗಿ ಉತ್ತರ 0.432 ರ ಆಚೆಗೊಮ್ಮೆ ಈಚೆಗೊಮ್ಮೆ ಜೋಕಾಲಿಯಂತೆ ತೂಗುತ್ತ ತಗ್ಗುತ್ತದೆ. ಹತ್ತಕ್ಕೆ ಬರುವಷ್ಟರಲ್ಲಿ 0.433. ಹೊರಟದ್ದು ಸ್ವರದಿಂದಲೋ ವ್ಯಂಜನದಿಂದಲೋ ಎಂಬ ನೆನಪು ಹೆಚ್ಚುಕಡಿಮೆ ಅಳಿಸಿಹೋಗಿದೆ. ನೆಕ್ರಾಸೊವ್‌ಗೆ ಕೊಟ್ಟ ಉತ್ತರ ಇಲ್ಲಿದೆ: ಅಕ್ಷರಗಳು ಖಂಡಿತ ಒಂದಕ್ಕೊಂದು ಅಂಟಿಕೊಂಡಿವೆ, ಆದರೂ −0.535 ರ ಗಾತ್ರ 1 ಕ್ಕಿಂತ ಕಡಿಮೆ ಇರುವುದರಿಂದ ಆ ಅಂಟು ಬೇಗ ಬಿಡುತ್ತದೆ, ಸರಾಸರಿ ನೆಲೆ ನಿಲ್ಲುತ್ತದೆ.

ಎಲ್ಲ ಮ್ಯಾಟ್ರಿಕ್ಸ್‌ಗಳೂ ಹೀಗೆ ಒಡೆಯುವುದಿಲ್ಲ. ಮೇಲಿನ ಸಾಲು 1, 1, ಕೆಳಗಿನ ಸಾಲು 0, 1 ಇರುವ ಮ್ಯಾಟ್ರಿಕ್ಸ್‌ನಲ್ಲಿ ದಿಕ್ಕು ಬದಲಿಸದ ಜೋಡಿ ಒಂದೇ. ಪ್ರಶ್ನೆಯನ್ನು ಒಡೆಯಲು ಎರಡನೆಯದು ಸಿಗುವುದಿಲ್ಲ. ಅದರ n ನೇ ಘಾತದ ಮೂಲೆಯಲ್ಲಿ n ಬಂದು ಕೂರುತ್ತದೆ, ಯಾವ ಸಂಖ್ಯೆಯ ಘಾತವೂ ಅಲ್ಲ. ಸ್ವರ-ವ್ಯಂಜನದಂಥ ಎರಡೇ ಸ್ಥಿತಿಗಳ ಸರಪಳಿಗೆ ಈ ಕಾಟವಿಲ್ಲ.

ಈ ವಿಧಾನದ ಬೇರುಗಳು ಮಾರ್ಕೊವ್‌ಗಿಂತ ಹಳೆಯವು. ಗ್ರಹಪಥಗಳ ನಿಧಾನ ಪಲ್ಲಟವನ್ನು ಲೆಕ್ಕ ಹಾಕುವವರು ಇಂಥ ಸಂಖ್ಯೆಗಳನ್ನು ಹುಡುಕುತ್ತಿದ್ದರು. 1829ರಲ್ಲಿ ಕೋಶಿ ಅದಕ್ಕೊಂದು ಗಟ್ಟಿ ತಳಹದಿ ಹಾಕಿದ. 1858ರಲ್ಲಿ ಕೇಲಿ ಮ್ಯಾಟ್ರಿಕ್ಸ್‌ಗಳನ್ನು ಸಂಖ್ಯೆಗಳಂತೆ ಕೂಡಿಸಿ ಗುಣಿಸುವ ಬೀಜಗಣಿತ ಬರೆದ. ನಮ್ಮ ಎಂಜಿನಿಯರಿಂಗ್ ಪಠ್ಯಗಳಿಗೆ ಇವರ ಹಂಗೂ ಬೇಡ, ಪುಷ್ಕಿನ್‌ನ ಹಂಗೂ ಬೇಡ. ಎಲ್ಲಿಯದೋ ಗೊತ್ತಿಲ್ಲದ ನಾಲ್ಕು ಅಂಕಿ ಕೊಟ್ಟು ‘A ಯ ಹತ್ತನೇ ಘಾತ ಕಂಡುಹಿಡಿಯಿರಿ’ ಎಂದು ಮುಗಿಸುತ್ತಾರೆ. ಉತ್ತರವನ್ನು ಹೋಲಿಸಿ ನೋಡಲು ಹೊರಗೊಂದು ಲೋಕವಿದೆ ಎಂಬ ಸುಳಿವೂ ವಿದ್ಯಾರ್ಥಿಗೆ ಸಿಗುವುದಿಲ್ಲ.

ಮಾರ್ಕೊವ್ ಹೋಲಿಸಿ ನೋಡಿದ್ದರು. ಸತತ ಮೂರು ಸ್ವರಗಳು 115 ಸಲ, ಸತತ ಮೂರು ವ್ಯಂಜನಗಳು 505 ಸಲ ಬಂದಿದ್ದವು. ಈ ಎಣಿಕೆಯಿಂದಲೇ ಒಂದು ಪರೀಕ್ಷೆ ಮಾಡಬಹುದು. ಸ್ವರದ ನಂತರ ಒಂದಕ್ಷರ ಬಿಟ್ಟು ಮತ್ತೆ ಸ್ವರ ಬಂದ ಪ್ರಸಂಗಗಳು ನಿಜವಾಗಿ ಎಷ್ಟು? ಕೂಡಿ ಕಳೆದು ನೋಡಿದರೆ ಸುಮಾರು 4,327, ಅಂದರೆ 0.501. ನಮ್ಮ ಸೂತ್ರ ಹೇಳಿದ್ದು 0.595. ಘಾತದ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪು ಇರುವುದು ಮುಂದಿನ ಅಕ್ಷರಕ್ಕೆ ಹಿಂದಿನ ಒಂದೇ ಅಕ್ಷರ ಸಾಕು ಎಂಬ ಊಹೆಯಲ್ಲಿ. ಎರಡು ವ್ಯಂಜನ ಸಾಲಾಗಿ ಬಂದ ಮೇಲೆ ಮೂರನೆಯದೂ ವ್ಯಂಜನವಾಗುವ ಸಂಭವ 0.337 ಅಲ್ಲ, 0.132 ಮಾತ್ರ.

ಇದೇ ಬಿರುಕು ಬೇರೊಂದು ಲೆಕ್ಕದಲ್ಲೂ ಕಂಡಿತು. ಅಕ್ಷರಗಳನ್ನು ನೂರರ 200 ಗುಂಪು ಮಾಡಿ, ಗುಂಪಿನಿಂದ ಗುಂಪಿಗೆ ಸ್ವರಗಳ ಸಂಖ್ಯೆ ಎಷ್ಟು ಚದುರುತ್ತದೆಂದು ಮಾರ್ಕೊವ್ ಅಳೆದರು. ಅಕ್ಷರಗಳು ಸ್ವತಂತ್ರವಾಗಿದ್ದರೆ ಇರಬೇಕಾದ ಚದುರುವಿಕೆಯ 0.208 ಪಾಲು ಮಾತ್ರ ಇತ್ತು. −0.535 ಒಂದನ್ನೇ ನಂಬಿದರೆ ಅದು (1 − 0.535) / (1 + 0.535), ಸುಮಾರು 0.303 ಆಗಬೇಕಿತ್ತು. ಹಿಂದಿನ ಎರಡು ಅಕ್ಷರಗಳನ್ನೂ ಸರಪಳಿಗೆ ಸೇರಿಸಿಕೊಂಡಾಗ 0.195 ಬಂತು. ಈಗಿನ ಭಾಷೆಯಲ್ಲಿ ಅದು ಅಕ್ಷರ-ಜೋಡಿಗಳ ನಾಲ್ಕು ಸಾಲು, ನಾಲ್ಕು ಕಂಬದ ಮ್ಯಾಟ್ರಿಕ್ಸ್. ಇಷ್ಟಕ್ಕೂ ತೃಪ್ತಿಯಾಗದೆ ಅವರು ಅಕ್ಸಾಕೊವ್‌ನ ಗದ್ಯದಿಂದ ಇನ್ನೂ 1,00,000 ಅಕ್ಷರಗಳನ್ನು ಎಣಿಸಲು ಕುಳಿತರು.