ಸೊನ್ನೆಯಿಂದ ಶುರುವಾಗುವುದು ಹಣವಲ್ಲ, ಪ್ರಶ್ನೆ

ಕಾಲೇಜಿನ ಒಂದು ವಿಭಾಗ ಮುಂದಿನ ವರ್ಷದ ಖರ್ಚನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಬಹುದು. ಹೋದ ವರ್ಷದ ಮೊತ್ತವನ್ನು ಇಟ್ಟುಕೊಂಡು ಅದರ ಮೇಲೆ ಶೇಕಡಾ ಇಷ್ಟು ಎಂದು ಸೇರಿಸುವುದು ಏರಿಕೆ ಬಜೆಟ್. ಪ್ರತಿಯೊಂದು ಕೆಲಸವನ್ನೂ ‘ಇದು ಈಗಲೂ ಬೇಕೇ, ಬೇಕಾದರೆ ಎಷ್ಟು ಬೇಕು’ ಎಂದು ಕೇಳಿ ಮೊತ್ತವನ್ನು ಕಟ್ಟುತ್ತ ಬರುವುದು ಶೂನ್ಯಾಧಾರಿತ ಬಜೆಟ್. ಎರಡನೆಯದರ ಹೆಸರು ಕಿವಿಗೆ ಬಿದ್ದ ಕೂಡಲೇ ಸಿಬ್ಬಂದಿ ಕೊಠಡಿಯಲ್ಲಿ ಹಬ್ಬುವ ಮಾತು ಒಂದೇ: ‘ಇದು ಅನುದಾನ ಕತ್ತರಿಸುವ ಉಪಾಯ.’ ಆಡಳಿತ ಮಂಡಳಿಗಳೂ ಹಾಗೆಂದೇ ನಂಬಿ ಅದನ್ನು ಜಾರಿಗೆ ತರುತ್ತವೆ. ಕೊಡುವವರು ಮತ್ತು ಬೇಡುವವರು ಇಬ್ಬರೂ ಒಂದೇ ತಪ್ಪನ್ನು ನಂಬಿ ಕುಳಿತಿರುವುದರಿಂದ ಈ ಕಲ್ಪನೆ ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಈ ಪದ್ಧತಿಗೆ ಈಗಿನ ರೂಪ ಕೊಟ್ಟವರು ಅಮೆರಿಕದ ಪೀಟರ್ ಪಿಯರ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯಲ್ಲಿ ಅವರು ನಡೆಸಿದ ಪ್ರಯೋಗದ ಬಗ್ಗೆ 1970ರಲ್ಲಿ ಬರೆದ ಲೇಖನವನ್ನು ಓದಿದ ಜಿಮ್ಮಿ ಕಾರ್ಟರ್, ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದಾಗ ಆ ಪದ್ಧತಿಯನ್ನು ಅಲ್ಲಿ ಜಾರಿಗೆ ತಂದರು. ಅಧ್ಯಕ್ಷರಾದ ಮೇಲೆ 1977ರಲ್ಲಿ ಕೇಂದ್ರ ಇಲಾಖೆಗಳಿಗೂ ವಿಸ್ತರಿಸಿದರು. ಪಿಯರ್ ಹೇಳಿದ್ದು ‘ಕಡಿಮೆ ಮಾಡಿ’ ಎಂದಲ್ಲ. ಪ್ರತಿ ಕೆಲಸಕ್ಕೂ ಒಂದಕ್ಕಿಂತ ಹೆಚ್ಚು ಮಟ್ಟಗಳನ್ನು ಬರೆಯಿರಿ, ಒಂದೊಂದು ಮಟ್ಟಕ್ಕೆ ಎಷ್ಟು ಹಣ ಮತ್ತು ಅದರಿಂದ ಏನು ಸಿಗುತ್ತದೆ ಎಂದು ತೋರಿಸಿ, ಆಮೇಲೆ ಎಲ್ಲವನ್ನೂ ಮುಖ್ಯತೆಯ ಕ್ರಮದಲ್ಲಿ ಜೋಡಿಸಿ ಎಂದು. ಹೀಗೆ ಬರೆದ ಒಂದೊಂದು ಮಟ್ಟಕ್ಕೆ ‘ಡಿಸಿಷನ್ ಪ್ಯಾಕೇಜ್’ ಎಂದು ಹೆಸರು. ಹಣ ಮುಗಿಯುವ ಕಡೆ ಒಂದು ಗೆರೆ ಬೀಳುತ್ತದೆ. ಗೆರೆಯ ಮೇಲಿರುವುದು ನಡೆಯುತ್ತದೆ, ಕೆಳಗಿರುವುದು ನಿಲ್ಲುತ್ತದೆ. ಮೊತ್ತ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ ಎಂಬುದನ್ನು ಪದ್ಧತಿ ಮೊದಲೇ ಹೇಳುವುದಿಲ್ಲ.

ಇದನ್ನು ಒಂದು ಪದವಿ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿಟ್ಟು ನೋಡಬಹುದು. ಅಂಕಿಗಳು ಉದಾಹರಣೆಗಾಗಿ ಕೊಟ್ಟವು. ಅಧ್ಯಾಪಕರ ಸಂಬಳ ವಿಭಾಗದ ಬಜೆಟ್ಟಿನೊಳಗೆ ಬರುವುದಿಲ್ಲ. ಉಳಿದದ್ದು ಹೋದ ವರ್ಷ ಹೀಗಿತ್ತು: ರಾಸಾಯನಿಕ ಮತ್ತು ಗಾಜಿನ ಸಾಮಾನು 1,80,000, ಗ್ಯಾಸ್ ಮತ್ತು ಡಿಸ್ಟಿಲ್ಡ್ ವಾಟರ್ 30,000, ಉಪಕರಣಗಳ ವಾರ್ಷಿಕ ನಿರ್ವಹಣಾ ಗುತ್ತಿಗೆ 70,000, ಕೈಗಾರಿಕಾ ಭೇಟಿ 50,000, ವಿಚಾರ ಸಂಕಿರಣ 40,000, ಚಿಲ್ಲರೆ ಖರ್ಚು 30,000. ಒಟ್ಟು 4,00,000 ರೂಪಾಯಿ. ಏರಿಕೆ ಬಜೆಟ್ಟಿನಲ್ಲಿ ಶೇ. 8 ಸೇರಿಸಿ 4,32,000 ಎಂದು ಬರೆದರೆ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಶೂನ್ಯಾಧಾರಿತ ಬಜೆಟ್ಟಿನಲ್ಲಿ ಕೆಲಸ ಶುರುವಾಗುವುದು ಲ್ಯಾಬಿನ ಬೀರುವಿನಿಂದ. ಸಿಲ್ವರ್ ನೈಟ್ರೇಟನ್ನೇ ತೆಗೆದುಕೊಳ್ಳಿ. ನೀರಿನಲ್ಲಿರುವ ಕ್ಲೋರೈಡ್ ಅಳೆಯುವ ಒಂದೇ ಪ್ರಯೋಗಕ್ಕೆ ಅದು ಬೇಕು. ವಿದ್ಯಾರ್ಥಿಗಳು 120 ಮಂದಿ. ಮೂರು ಬಾರಿಯ ಟೈಟ್ರೇಶನ್, ಬ್ಯೂರೆಟ್ ತೊಳೆಯುವುದು ಎಲ್ಲ ಸೇರಿ ಒಬ್ಬರಿಗೆ 100 ಮಿಲಿಲೀಟರ್ ದ್ರಾವಣ ಎಂದರೆ ಒಟ್ಟು 12 ಲೀಟರ್. 0.02 ಮೋಲಾರ್ ದ್ರಾವಣದ ಒಂದು ಲೀಟರಿಗೆ ಬೇಕಾಗುವುದು 3.4 ಗ್ರಾಂ. ಅಂದರೆ ಇಡೀ ವರ್ಷಕ್ಕೆ 41 ಗ್ರಾಂ ಸಾಕು. ಬೀರುವಿನಲ್ಲಿ ಬೆಳಕು ತಾಗದ ಕಂದು ಸೀಸೆಗಳು, 25 ಗ್ರಾಮಿನವು, ಸೀಲ್ ಒಡೆಯದೆ ಆರು ಕುಳಿತಿವೆ. ಬೆಳ್ಳಿಯ ಲವಣ ಅಗ್ಗದ ಸಾಮಾನಲ್ಲ. ಆದರೂ ಪ್ರತಿ ವರ್ಷ 100 ಗ್ರಾಂ ತರಿಸಲಾಗಿದೆ, ಏಕೆಂದರೆ ಅದರ ಹಿಂದಿನ ವರ್ಷವೂ 100 ಗ್ರಾಂ ತರಿಸಲಾಗಿತ್ತು. ಹೀಗೆಯೇ ಮೂರು ಉಪಕರಣಗಳ ನಿರ್ವಹಣಾ ಗುತ್ತಿಗೆಯಲ್ಲಿ ಒಂದು ಫ್ಲೇಮ್ ಫೋಟೋಮೀಟರಿನದು. ಅದರ ಪ್ರಯೋಗ ಪಠ್ಯದಿಂದ ಹೋಗಿಬಿಟ್ಟಿದೆ, ಯಂತ್ರದ ಮೇಲೆ ಬಟ್ಟೆ ಹೊದಿಸಲಾಗಿದೆ, 18,000 ರೂಪಾಯಿ ಮಾತ್ರ ಹೋಗುತ್ತಲೇ ಇದೆ.

ಇನ್ನೊಂದು ಕಡೆ, ಆಮ್ಲದ ಹೊಗೆ ಹೊರಹಾಕುವ ಫ್ಯೂಮ್ ಹುಡ್ ಕೆಟ್ಟು ನಿಂತಿದೆ. ದುರಸ್ತಿಗೆ 80,000 ಬೇಕು. ಹೋದ ವರ್ಷದ ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ. ಇಲ್ಲದ ಸಾಲಿಗೆ ಶೇ. 8 ಸೇರಿಸಿದರೆ ಏನೂ ಬರುವುದಿಲ್ಲ. ಏರಿಕೆ ಬಜೆಟ್ಟಿನ ದೊಡ್ಡ ದೋಷ ಇರುವುದು ಇಲ್ಲಿ. ಅದು ದುಂದನ್ನು ಉಳಿಸಿಕೊಳ್ಳುವುದಷ್ಟೇ ಅಲ್ಲ, ಹೊಸ ಅಗತ್ಯವನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ.

ಈಗ ಮಟ್ಟಗಳು. ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಪ್ರಯೋಗ ಮಾಡುವ ಕನಿಷ್ಠ ಮಟ್ಟಕ್ಕೆ ರಾಸಾಯನಿಕ 1,20,000, ಗ್ಯಾಸ್ ಮತ್ತು ನೀರು 30,000, ಎರಡೇ ಉಪಕರಣಗಳ ಗುತ್ತಿಗೆ 52,000, ಚಿಲ್ಲರೆ 18,000, ಒಟ್ಟು 2,20,000. ಪ್ರತಿಯೊಬ್ಬರೂ ತಾವೇ ಬ್ಯೂರೆಟ್ ಹಿಡಿಯಬೇಕಾದರೆ ಇನ್ನೂ 45,000. ಮೂರನೆಯದು ಫ್ಯೂಮ್ ಹುಡ್ ದುರಸ್ತಿ 80,000, ನಾಲ್ಕನೆಯದು ವಿಚಾರ ಸಂಕಿರಣ 40,000, ಐದನೆಯದು ಕೈಗಾರಿಕಾ ಭೇಟಿ 50,000. ಎಲ್ಲ ಸೇರಿ 4,35,000. ‘ಕತ್ತರಿಸುವ ಉಪಾಯ’ ಎನಿಸಿಕೊಂಡ ಪದ್ಧತಿ ಕೇಳಿದ್ದು ಏರಿಕೆ ಬಜೆಟ್ಟಿಗಿಂತ 3,000 ರೂಪಾಯಿ ಹೆಚ್ಚು!

ಆಡಳಿತ ಮಂಡಳಿ 4,00,000 ಮಾತ್ರ ಮಂಜೂರು ಮಾಡಿತೆನ್ನಿ. ಏರಿಕೆ ಬಜೆಟ್ಟಿನಲ್ಲಿ ಎಲ್ಲ ಸಾಲುಗಳಿಂದಲೂ ಸ್ವಲ್ಪ ಸ್ವಲ್ಪ ಕಳೆಯುತ್ತಾರೆ. ಯಾವ ಪ್ರಯೋಗ ನಿಂತಿತೆಂದು ಸೆಮಿಸ್ಟರಿನ ನಡುವೆ ಸೀಸೆ ಖಾಲಿಯಾದಾಗ ತಿಳಿಯುತ್ತದೆ. ಶೂನ್ಯಾಧಾರಿತ ಬಜೆಟ್ಟಿನಲ್ಲಿ ಮೊದಲ ನಾಲ್ಕು ಮಟ್ಟಗಳಿಗೆ 3,85,000 ಸಾಕು. ಉಳಿದ 15,000ದಲ್ಲಿ ಹತ್ತಿರದ ಒಂದು ಕಾರ್ಖಾನೆಗೆ ಒಂದು ದಿನ ಹೋಗಿಬರಬಹುದು, ದೂರದ ಪ್ರವಾಸ ಇಲ್ಲ. ನಿಂತದ್ದು ಏನೆಂದು ಮಂಜೂರಾತಿಯ ದಿನವೇ ಎಲ್ಲರಿಗೂ ಗೊತ್ತು.

ಹಾಗೆಂದು ಪ್ರತಿ ವರ್ಷವೂ ಎಲ್ಲವನ್ನೂ ಅಗೆದು ನೋಡಬೇಕು ಎಂಬುದೂ ತಪ್ಪೇ. 1960ರ ದಶಕದ ಆರಂಭದಲ್ಲಿ ಅಮೆರಿಕದ ಕೃಷಿ ಇಲಾಖೆ ಹಾಗೆ ಮಾಡಿ ನೋಡಿತು. ಅದನ್ನು ಅಧ್ಯಯನ ಮಾಡಿದ ಆರನ್ ವಿಲ್ಡಾವ್‌ಸ್ಕಿ ಮತ್ತು ಆರ್ಥರ್ ಹ್ಯಾಮಂಡ್ ಅವರಿಗೆ ಕಂಡದ್ದು ರಾಶಿ ಕಾಗದ, ಹೆಚ್ಚುಕಡಿಮೆ ಬದಲಾಗದ ಅಂಕಿಗಳು. ಗ್ಯಾಸ್, ನೀರು, ಬಳಕೆಯಲ್ಲಿರುವ ಉಪಕರಣಗಳ ಗುತ್ತಿಗೆಯಂಥ ಸ್ಥಿರ ಸಾಲುಗಳಿಗೆ ಏರಿಕೆ ಲೆಕ್ಕವೇ ಸರಿ. ಪಠ್ಯ ಬದಲಾದಾಗ, ವಿದ್ಯಾರ್ಥಿಗಳ ಸಂಖ್ಯೆ ಏರಿದಾಗ ಅಥವಾ ಇಳಿದಾಗ, ಅದೂ ಇಲ್ಲವಾದರೆ ಮೂರು ವರ್ಷಕ್ಕೊಮ್ಮೆ ಬುಡದಿಂದ ನೋಡಿದರೆ ಸಾಕಾಗುತ್ತದೆ. ಮಾರ್ಚ್ ಒಳಗೆ ಖರ್ಚು ಮಾಡದಿದ್ದರೆ ಮುಂದಿನ ವರ್ಷ ಕಡಿಮೆ ಸಿಗುತ್ತದೆ ಎಂಬ ಭಯಕ್ಕೆ ಆಧಾರವಿರುವುದು ಏರಿಕೆ ಬಜೆಟ್ಟಿನಲ್ಲಿ ಮಾತ್ರ. ಬೇಡದ ಸಿಲ್ವರ್ ನೈಟ್ರೇಟ್ ಬೀರು ಸೇರುವುದೂ ಆ ಭಯದಿಂದಲೇ.

ಹೆಸರಿಗೆ ಮಾತ್ರ ಶೂನ್ಯಾಧಾರಿತವಾದ ಬಜೆಟ್ಟನ್ನು ಗುರುತಿಸುವುದು ಕಷ್ಟವಲ್ಲ. ಅದರಲ್ಲಿ ಕನಿಷ್ಠ ಮಟ್ಟವೇ ಹೋದ ವರ್ಷದ ಮೊತ್ತದಷ್ಟಿರುತ್ತದೆ, ಎಲ್ಲ ಕೆಲಸಕ್ಕೂ ‘ಅತ್ಯಗತ್ಯ’ ಎಂಬ ಒಂದೇ ಷರಾ ಇರುತ್ತದೆ. ಸುತ್ತೋಲೆಯಲ್ಲಿ ಹೊಸ ಹೆಸರು ಬಂದರೆ ಪದ್ಧತಿಯೂ ಬದಲಾಯಿತೆಂದು ನಂಬುವ ಅಭ್ಯಾಸ ಕಾಲೇಜುಗಳಲ್ಲಿ ಬಜೆಟ್ಟಿಗಷ್ಟೇ ಸೀಮಿತವಲ್ಲ. ಬಜೆಟ್ಟಿನಲ್ಲಿ ಅದರ ನಷ್ಟ ರೂಪಾಯಿ ಲೆಕ್ಕದಲ್ಲಿ ಕಾಣುತ್ತದೆ, ಅಷ್ಟೇ. ಬೇಡಿಕೆ ಪಟ್ಟಿ ಕಚೇರಿಗೆ ಹೋಗುವ ಮೊದಲು ಬೀರು ತೆರೆದು, ಸೀಸೆಗಳನ್ನು ಎಣಿಸಿ, ಸ್ಟಾಕ್ ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. ಎಣಿಸದ ವಿಭಾಗ ಕೊನೆಗೆ ಬರೆಯುವುದು ಹೋದ ವರ್ಷದ ಅಂಕಿಯನ್ನೇ.