ಕರೆಂಟ್ ಬಿಲ್ಲಿನ 36 ಪೈಸೆ: ಲೈನ್‌ಮನ್ ಪಿಂಚಣಿಯ ಕೊರತೆ ನಿಮ್ಮ ಮನೆಗೆ ಬಂದದ್ದು ಹೇಗೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕು ಹೆಸ್ಕಾಂ ವ್ಯಾಪ್ತಿಗೆ ಬರುತ್ತವೆ. 2025ರ ಏಪ್ರಿಲ್ ನಂತರದ ಬಿಲ್ಲಿಗೆ ಒಂದು ಹೊಸ ಹೊರೆ ಸೇರಿಕೊಂಡಿದೆ: ಪಿ ಅಂಡ್ ಜಿ ಸರ್‌ಚಾರ್ಜ್. ಪಿ ಅಂದರೆ ಪೆನ್ಷನ್, ಜಿ ಅಂದರೆ ಗ್ರಾಚ್ಯುಟಿ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ) 2025ರ ಮಾರ್ಚ್‌ನಲ್ಲಿ ಹೊರಡಿಸಿದ ಆದೇಶದಂತೆ ಇದು 2025-26ರಲ್ಲಿ ಯೂನಿಟ್‌ಗೆ 36 ಪೈಸೆ, 2026-27ರಲ್ಲಿ 35 ಪೈಸೆ, 2027-28ರಲ್ಲಿ 34 ಪೈಸೆ. ತಿಂಗಳಿಗೆ 90 ಯೂನಿಟ್ ಸುಡುವ ಮನೆಯ ಲೆಕ್ಕಕ್ಕೆ 36 ಪೈಸೆಯಂತೆ 32 ರೂಪಾಯಿ 40 ಪೈಸೆ.

"ಅವರ ಪಿಂಚಣಿಗೆ ನಾವ್ಯಾಕೆ ದುಡ್ಡು ಕೊಡಬೇಕು?" ಅನ್ನೋ ಪ್ರಶ್ನೆ ಆಗ ಎಲ್ಲ ಕಡೆ ಕೇಳಿಬಂತು. ಸಹಜವಾದ ಪ್ರಶ್ನೆಯೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ: ಪಿಂಚಣಿಗೆ ಇಷ್ಟು ದುಡ್ಡು ಬೇಕು ಅಂತ ಲೆಕ್ಕ ಹಾಕಿದ್ದು ಯಾರು, ಯಾವ ಊಹೆಗಳ ಮೇಲೆ?

ಮಾತು ಕೊಟ್ಟದ್ದು ಯಾರು?

ಮೊದಲು ಇಡೀ ರಾಜ್ಯಕ್ಕೆ ಕರೆಂಟ್ ಕೊಡುತ್ತಿದ್ದದ್ದು ಕರ್ನಾಟಕ ವಿದ್ಯುತ್ ಮಂಡಳಿ, ಅಂದರೆ ಕೆಇಬಿ. 1999ರಲ್ಲಿ ಅದು ಕೆಪಿಟಿಸಿಎಲ್ ಕಂಪನಿಯಾಯಿತು. 2002ರ ಜೂನ್‌ನಲ್ಲಿ ವಿತರಣೆಯ ಕೆಲಸ ಹೆಸ್ಕಾಂನಂಥ ಕಂಪನಿಗಳಿಗೆ ಹೋಯಿತು. ಬೋರ್ಡು ಬದಲಾಯಿತು, ಆದರೆ ಕಂಬ ಹತ್ತುವವರು ಅವರೇ, ಅವರಿಗೆ ಕೊಟ್ಟಿದ್ದ ಮಾತೂ ಅದೇ: ನಿವೃತ್ತಿಯ ನಂತರ ಕೊನೆಯ ಸಂಬಳದ ಲೆಕ್ಕದಲ್ಲಿ ಬದುಕಿರುವವರೆಗೆ ಪಿಂಚಣಿ, ಅದರ ಮೇಲೆ ತುಟ್ಟಿಭತ್ಯೆ.

ಇಂಥ ಪಿಂಚಣಿಗೆ 'ಡಿಫೈನ್ಡ್ ಬೆನಿಫಿಟ್' ಅನ್ನುತ್ತಾರೆ. ಸರಳವಾಗಿ ಖಾತರಿ ಪಿಂಚಣಿ ಅನ್ನೋಣ. ಇಲ್ಲಿ ಕೈಗೆ ಎಷ್ಟು ಸಿಗುತ್ತೆ ಅನ್ನೋದು ಮೊದಲೇ ನಿಗದಿ, ಅದಕ್ಕೆ ಎಷ್ಟು ಖರ್ಚಾಗುತ್ತೆ ಅನ್ನೋದು ಯಾರಿಗೂ ಗೊತ್ತಿಲ್ಲ. 2006ರ ಏಪ್ರಿಲ್ ನಂತರ ಸೇರಿದವರ ಎನ್‌ಪಿಎಸ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಕಟ್ಟುವ ಕಂತು ನಿಗದಿ, ಕೊನೆಗೆ ಸಿಗೋದು ಅನಿಶ್ಚಿತ. ಕಂಪನಿ ತನ್ನ ಪಾಲಿನ ಕಂತು ಕಟ್ಟಿದರೆ ಮುಗೀತು, ಮಾರುಕಟ್ಟೆ ಬಿದ್ದರೆ ನಷ್ಟ ನೌಕರನದ್ದು. ಖಾತರಿ ಪಿಂಚಣಿಯಲ್ಲಿ ಆ ನಷ್ಟವನ್ನು ಮಾತು ಕೊಟ್ಟವರೇ ಹೊರಬೇಕು.

ಹಳೆಯ ನೌಕರರ ಈ ಹೊಣೆಗಾಗಿ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳೆಲ್ಲ ಸೇರಿ ಒಂದು ಪಿಂಚಣಿ ಮತ್ತು ಗ್ರಾಚ್ಯುಟಿ ಟ್ರಸ್ಟ್ ಇಟ್ಟುಕೊಂಡಿವೆ. ಕಂಪನಿಗಳು ಸಂಬಳದ ಇಂತಿಷ್ಟು ಪಾಲನ್ನು ಅದಕ್ಕೆ ಕಟ್ಟಬೇಕು, ಸರ್ಕಾರದ್ದೂ ಒಂದು ಪಾಲಿತ್ತು. ಈಗ ಸರ್‌ಚಾರ್ಜ್ ಹೆಸರಿನಲ್ಲಿ ನಮ್ಮಿಂದ ವಸೂಲಾಗುತ್ತಿರೋದು ಆ ಸರ್ಕಾರದ ಪಾಲು.

ಒಬ್ಬ ಲೈನ್‌ಮನ್‌ನ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳೋಣ. ರಾಯಬಾಗದಲ್ಲಿ ಒಬ್ಬ ಲೈನ್‌ಮನ್ 60ಕ್ಕೆ ನಿವೃತ್ತರಾದರು. ಪಿಂಚಣಿ ತಿಂಗಳಿಗೆ 30,000, ವರ್ಷಕ್ಕೆ 3.6 ಲಕ್ಷ. ಸುಲಭವಾಗಲಿ ಅಂತ ವರ್ಷದ ಹಣವನ್ನು ವರ್ಷದ ಕೊನೆಗೆ ಒಮ್ಮೆಲೇ ಕೊಡುತ್ತಾರೆ ಅಂದುಕೊಳ್ಳಿ. ಇವರಿಗಾಗಿ ಇವತ್ತೇ ಎಷ್ಟು ದುಡ್ಡು ತೆಗೆದಿಟ್ಟರೆ ಜೀವನಪೂರ್ತಿ ಸಾಲುತ್ತೆ?

ಉತ್ತರ ಹೇಳಬೇಕಾದರೆ ಮೂರು ಊಹೆ ಮಾಡಲೇಬೇಕು. ಇವರು ಎಷ್ಟು ವರ್ಷ ಬದುಕುತ್ತಾರೆ? ತುಟ್ಟಿಭತ್ಯೆ ಸೇರಿ ಪಿಂಚಣಿ ವರ್ಷಕ್ಕೆ ಎಷ್ಟು ಏರುತ್ತೆ? ತೆಗೆದಿಟ್ಟ ದುಡ್ಡಿಗೆ ಬಡ್ಡಿ ಎಷ್ಟು? ಈ ಊಹೆಗಳನ್ನು ಕೂರಿಸಿ ಲೆಕ್ಕ ಕೊಡುವ ವೃತ್ತಿಯವರೇ ಆಕ್ಚುಯರಿ, ಕನ್ನಡದಲ್ಲಿ ವಿಮಾಗಣಕ.

80ರವರೆಗೆ ಬದುಕುತ್ತಾರೆ, ಪಿಂಚಣಿ ವರ್ಷಕ್ಕೆ ಶೇ 5 ಏರುತ್ತೆ, ಬಡ್ಡಿ ಶೇ 7 ಅಂದುಕೊಳ್ಳೋಣ. 20 ವರ್ಷದಲ್ಲಿ ಅವರ ಕೈಗೆ ಹೋಗೋ ಒಟ್ಟು ಮೊತ್ತ ಸುಮಾರು 1.19 ಕೋಟಿ. ಆದರೆ ದುಡ್ಡು ಕೂತಲ್ಲೇ ಬಡ್ಡಿ ದುಡಿಯುತ್ತಲ್ಲ, ಹಾಗಾಗಿ ಇವತ್ತು 56.6 ಲಕ್ಷ ಇಟ್ಟರೆ ಸಾಕು. ಈ 56.6 ಲಕ್ಷವೇ ಪಿಂಚಣಿ ಹೊಣೆಯ ಇವತ್ತಿನ ಬೆಲೆ.

ಈಗ ಒಂದೊಂದೇ ಊಹೆ ಅಲುಗಾಡಿಸಿ. ಬಡ್ಡಿ ಶೇ 7ರ ಬದಲು 6 ಅಂದರೆ ಹೊಣೆ 62.2 ಲಕ್ಷಕ್ಕೆ ಏರುತ್ತೆ. ಬಡ್ಡಿ ಹಾಗೇ ಇರಲಿ, ಪಿಂಚಣಿ ಶೇ 5ರ ಬದಲು 6 ಏರುತ್ತೆ ಅಂದರೆ 61.6 ಲಕ್ಷ. ಅವೆರಡೂ ಮೊದಲಿನಂತಿದ್ದು, ಅವರು 80ರ ಬದಲು 83ರವರೆಗೆ ಬದುಕಿದರೆ 63.4 ಲಕ್ಷ. ಲೈನ್‌ಮನ್ ಅದೇ, ಕೊಟ್ಟ ಮಾತು ಅದೇ. ಬದಲಾಗಿದ್ದು ಕಾಗದದ ಮೇಲಿನ ಒಂದು ಅಂಕಿ.

ಒಂದು ಪರ್ಸೆಂಟ್‌ನಲ್ಲಿ ಕೊರತೆ ಮಾಯ

ಇಂಥ ನೂರು ಜನ ಇದ್ದಾರೆ, ಟ್ರಸ್ಟ್ ಕೈಯಲ್ಲಿ 53 ಕೋಟಿ ಇದೆ ಅಂದುಕೊಳ್ಳಿ. ಬಡ್ಡಿ ಶೇ 7 ಹಿಡಿದರೆ ಹೊಣೆ 56.6 ಕೋಟಿ, ಕೊರತೆ 3.6 ಕೋಟಿ. ಶೇ 6 ಹಿಡಿದರೆ ಹೊಣೆ 62.2 ಕೋಟಿ, ಕೊರತೆ 9.2 ಕೋಟಿ. ಹೊಣೆ ಏರಿದ್ದು ಶೇ 10ರಷ್ಟು ಮಾತ್ರ, ಕೊರತೆ ಎರಡೂವರೆ ಪಟ್ಟು. ಅದೇ ಶೇ 8 ಹಿಡಿದರೆ ಹೊಣೆ 51.7 ಕೋಟಿಗೆ ಇಳಿದು, ಒಂದು ರೂಪಾಯಿಯನ್ನೂ ಯಾರೂ ಹಾಕದೆ 1.3 ಕೋಟಿ 'ಹೆಚ್ಚುವರಿ' ಹುಟ್ಟಿಕೊಳ್ಳುತ್ತೆ.

ನಿಜಜೀವನದಲ್ಲಿ ಏರಿಳಿತ ಇಷ್ಟು ಜೋರಾಗಿರೋದಿಲ್ಲ. ಬಡ್ಡಿದರ ಇಳಿದಾಗ ಟ್ರಸ್ಟ್ ಹತ್ತಿರ ಇರೋ ಹಳೇ ಬಾಂಡುಗಳ ಬೆಲೆ ಏರಿ ಸ್ವಲ್ಪ ಸರಿದೂಗುತ್ತೆ. ಆದರೆ ಬಾಂಡ್ ಇರಬೇಕಲ್ಲ! ಕಟ್ಟಬೇಕಾದ ಪಾಲು ಬಾಕಿ ಉಳಿದಿದ್ದರೆ ಸರಿದೂಗಿಸೋಕೆ ಅಲ್ಲಿ ಏನೂ ಇರೋದಿಲ್ಲ.

ಹಾಗಂತ ಬಡ್ಡಿದರವನ್ನು ಕಂಪನಿ ತನಗೆ ಬೇಕಾದಂತೆ ಹಿಡಿಯುವ ಹಾಗಿಲ್ಲ. ಭಾರತದ ಕಂಪನಿಗಳಿಗೆ ಅನ್ವಯಿಸುವ ಲೆಕ್ಕಪತ್ರ ಮಾನದಂಡ ಇಂಡ್ ಎಎಸ್ 19ರ ಪ್ರಕಾರ, ವರ್ಷದ ಕೊನೆಯ ದಿನ ಸರ್ಕಾರಿ ಬಾಂಡ್‌ಗಳ ಮೇಲೆ ಸಿಗುವ ಪ್ರತಿಫಲವೇ ಆಧಾರ. ಕೈಚಳಕಕ್ಕೆ ಜಾಗ ಇರೋದು ಉಳಿದೆರಡರಲ್ಲಿ: ಏರಿಕೆಯ ದರ ಮತ್ತು ಆಯಸ್ಸು. ವೇತನ ಪರಿಷ್ಕರಣೆ ಆಗೇ ಆಗುತ್ತೆ ಅಂತ ಎಲ್ಲರಿಗೂ ಗೊತ್ತಿದ್ದರೂ ಊಹೆಯಲ್ಲಿ ಅದನ್ನು ಕಡಿಮೆ ಹಿಡಿದರೆ ಹೊಣೆ ಚಿಕ್ಕದಾಗಿ ಕಾಣುತ್ತೆ. ಆಯಸ್ಸಿನದ್ದೂ ಹಾಗೇ. ವಿಮೆ ಮಾಡಿಸಿದವರ ಮರಣ ಕೋಷ್ಟಕ ಬೇರೆ, ಪಿಂಚಣಿ ಪಡೆಯುವವರ ಕೋಷ್ಟಕ ಬೇರೆ. ಯಾವುದನ್ನು ಬಳಸಿದ್ದಾರೆ ಅನ್ನೋದರ ಮೇಲೆ ಕೋಟಿಗಳು ಆಚೀಚೆ ಆಗುತ್ತವೆ.

ಬ್ಯಾಲೆನ್ಸ್ ಶೀಟ್‌ನಲ್ಲಿ ಇದು ಎಲ್ಲಿ ಕೂರುತ್ತೆ?

ಮೇಲಿನ 3.6 ಕೋಟಿ ಕೊರತೆ ಕಂಪನಿಯ ಬ್ಯಾಲೆನ್ಸ್ ಶೀಟ್‌ನ ಹೊಣೆಗಳ ಕಡೆ ಬರುತ್ತೆ. 56.6 ಕೋಟಿ ಹೊಣೆ, 53 ಕೋಟಿ ಆಸ್ತಿ ಎರಡನ್ನೂ ಅಲ್ಲಿ ತೋರಿಸೋದಿಲ್ಲ. ಕಳೆದು ಉಳಿದದ್ದನ್ನು ಮಾತ್ರ ತೋರಿಸುತ್ತಾರೆ, ವಿವರ ಹಿಂದಿನ ಪುಟಗಳ ಟಿಪ್ಪಣಿಯಲ್ಲಿರುತ್ತೆ. ಹಾಗಾಗಿ ಮುಂದಿನ ಪುಟದ ಸಣ್ಣ ಅಂಕಿಯ ಹಿಂದೆ ಬೆಟ್ಟದಂಥ ಹೊಣೆ ಇರಬಹುದು.

ಲಾಭ-ನಷ್ಟದ ಲೆಕ್ಕಕ್ಕೆ ಹೋಗೋದು ಮುಖ್ಯವಾಗಿ ಎರಡು. ಕೆಲಸದಲ್ಲಿರುವವರು ಆ ವರ್ಷ ಹೊಸದಾಗಿ ಗಳಿಸಿಕೊಂಡ ಪಿಂಚಣಿ ಹಕ್ಕಿನ ವೆಚ್ಚ ಒಂದು, ಕೊರತೆಯ ಮೇಲಿನ ಬಡ್ಡಿ ಇನ್ನೊಂದು. ನಮ್ಮ ಉದಾಹರಣೆಯಲ್ಲಿ 3.6 ಕೋಟಿಯ ಶೇ 7, ಅಂದರೆ ಸುಮಾರು 25 ಲಕ್ಷ. ಆದರೆ ಊಹೆ ಬದಲಾಗಿ ಹೊಣೆ ಒಮ್ಮೆಲೇ 5.6 ಕೋಟಿ ಉಬ್ಬಿತಲ್ಲ, ಅದು ಲಾಭವನ್ನು ಮುಟ್ಟೋದೇ ಇಲ್ಲ. 'ಇತರ ಸಮಗ್ರ ಆದಾಯ' ಅನ್ನೋ ಬೇರೆ ಸಾಲಿಗೆ ಹೋಗಿ ಅಲ್ಲಿಂದ ನೇರ ಬಂಡವಾಳ ಕರಗಿಸುತ್ತೆ. "ಕಂಪನಿ ಲಾಭದಲ್ಲಿದೆ" ಅನ್ನೋ ಸುದ್ದಿ ಓದಿ ಅಲ್ಲಿಗೇ ನಿಂತರೆ ಇದು ಕಣ್ಣಿಗೆ ಬೀಳೋದಿಲ್ಲ.

ಹೆಚ್ಚುವರಿ ಬಂದರೂ ಅದು ಖರ್ಚು ಮಾಡಬಹುದಾದ ದುಡ್ಡಲ್ಲ. ಟ್ರಸ್ಟ್‌ನ ಹಣ ಟ್ರಸ್ಟ್‌ನದ್ದು. ಅದು ವಾಪಸ್ ಬರುವುದಿದ್ದರೆ, ಇಲ್ಲವೇ ಅದರಿಂದ ಮುಂದಿನ ಕಂತು ಕಡಿಮೆ ಆಗುವುದಿದ್ದರೆ, ಅಷ್ಟನ್ನು ಮಾತ್ರ ಕಂಪನಿ ತನ್ನ ಆಸ್ತಿ ಅಂತ ತೋರಿಸಬಹುದು.

ಹಲವು ಕಂಪನಿಗಳು ಸೇರಿ ನಡೆಸುವ ಇಂಥ ಟ್ರಸ್ಟ್‌ನಲ್ಲಿ ಇನ್ನೊಂದು ತೊಡಕಿದೆ. ಒಂದೇ ಗುಂಪಿನ ಕಂಪನಿಗಳು ಒಟ್ಟು ವೆಚ್ಚ ಹಂಚಿಕೊಳ್ಳಲು ಒಪ್ಪಂದ ಅಥವಾ ಘೋಷಿತ ನೀತಿ ಮಾಡಿಕೊಂಡಿದ್ದರೆ ತಂತಮ್ಮ ಪಾಲಿನ ಕೊರತೆ ತೋರಿಸಬೇಕು. ಇಲ್ಲದಿದ್ದರೆ, ಯೋಜನೆಯ ಕಾನೂನುಬದ್ಧ ಹೊಣೆ ಹೊತ್ತ ಕಂಪನಿ ಇಡೀ ಕೊರತೆಯನ್ನು ತೋರಿಸುತ್ತೆ, ಉಳಿದವು ಆ ವರ್ಷದ ಕಂತು ತೋರಿಸಿದರೆ ಸಾಕು. ಆದ್ದರಿಂದ ಯಾವುದೇ ಎಸ್ಕಾಂನ ಬ್ಯಾಲೆನ್ಸ್ ಶೀಟ್‌ನಲ್ಲಿ ಕೊರತೆ ಕಾಣಲಿಲ್ಲ ಅಂದ ಮಾತ್ರಕ್ಕೆ ಕೊರತೆಯೇ ಇಲ್ಲ ಅಂತಲ್ಲ. ಟಿಪ್ಪಣಿಯಲ್ಲಿ ಯಾವ ದಾರಿ ಹಿಡಿದಿದ್ದಾರೆ ಅಂತ ಓದಬೇಕು.

ಬಿಲ್ಲು ಯಾಕೆ ಈಗ ಬಂತು?

ಹಳೇ ಯೋಜನೆಗೆ 2006ರ ನಂತರ ಹೊಸಬರು ಸೇರುತ್ತಿಲ್ಲ. ವರ್ಷ ಕಳೆದಂತೆ ಕೆಲಸದಲ್ಲಿರುವ ಹಳಬರು ಕಡಿಮೆಯಾಗುತ್ತಾರೆ, ಪಿಂಚಣಿದಾರರು ಹೆಚ್ಚುತ್ತಾರೆ. ಯಾರ ಸಂಬಳದ ಲೆಕ್ಕದಲ್ಲಿ ಕಂತು ಕಟ್ಟಬೇಕೋ ಆ ಗುಂಪೇ ಕರಗುತ್ತಿದೆ. ನಿಧಿ ಮೊದಲೇ ತುಂಬಿದ್ದರೆ ಇದು ಸಮಸ್ಯೆಯೇ ಅಲ್ಲ, ಅದರ ಅಸಲು-ಬಡ್ಡಿಯಲ್ಲೇ ನಡೆಯುತ್ತೆ. ತುಂಬದಿದ್ದರೆ ಪ್ರತಿ ವರ್ಷ ಹೊರಗಿನಿಂದ ಯಾರಾದರೂ ಸುರಿಯಬೇಕು. ಆ 'ಯಾರಾದರೂ' ಮೊದಲು ಸರ್ಕಾರ, ಅಂದರೆ ತೆರಿಗೆದಾರರು. ಈಗ ಗ್ರಾಹಕರು.

ತೆರಿಗೆಗೂ ಬಿಲ್ಲಿಗೂ ಏನು ವ್ಯತ್ಯಾಸ, ಎರಡೂ ನಮ್ಮ ಜೇಬೇ ತಾನೇ ಅನ್ನಬಹುದು. ವ್ಯತ್ಯಾಸ ಇದೆ. 36 ಪೈಸೆಗೆ ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳ ಮನೆಯೂ ಒಂದೇ, ಊರಿನ ದೊಡ್ಡ ಬಂಗಲೆಯೂ ಒಂದೇ. ಜೊತೆಗೆ, ಕೆಇಬಿ ಕಾಲದಲ್ಲಿ ಸಿಕ್ಕ ಸೇವೆಯ ಬೆಲೆಯನ್ನು ಆಗ ಹುಟ್ಟೇ ಇರದವರು ತೆರುತ್ತಿದ್ದಾರೆ.

ಇದಕ್ಕೆ ಲೈನ್‌ಮನ್ ಹೊಣೆಯಲ್ಲ. ಅವರು ದುಡಿದಿದ್ದಾರೆ, ಪಿಂಚಣಿ ಅವರ ಬಾಕಿ ಸಂಬಳ. ಸಿಟ್ಟು ಬರಬೇಕಾದದ್ದು, ದುಡಿದ ವರ್ಷವೇ ತೆಗೆದಿಡಬೇಕಾದ ದುಡ್ಡನ್ನು ಮುಂದೂಡಿದ ವ್ಯವಸ್ಥೆಯ ಮೇಲೆ. ಹಳೇ ಪಿಂಚಣಿ ವಾಪಸ್ ಬೇಕು ಅನ್ನೋ ಹೋರಾಟದ ಪರ ಇರುವವರಿಗೂ ವಿರೋಧ ಇರುವವರಿಗೂ ಇಲ್ಲಿ ಒಂದು ಪಾಠ ಇದೆ: ಖಾತರಿ ಪಿಂಚಣಿಗೆ ನಿಧಿ ಯಾವಾಗ, ಯಾರು ತುಂಬುತ್ತಾರೆ ಅನ್ನೋದನ್ನು ಮಾತು ಕೊಡುವ ದಿನವೇ ಬರೆದಿಡಬೇಕು.

ದರ ಪರಿಷ್ಕರಣೆಗೆ ಮುಂಚೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತೆ, ಯಾವ ಗ್ರಾಹಕರಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. "ದರ ಇಳಿಸಿ" ಅಂತ ಬರೆದರೆ ಸಿಗೋದು ಸಿದ್ಧ ಉತ್ತರ. ಬದಲಿಗೆ ಹೀಗೆ ಕೇಳಿ: ಟ್ರಸ್ಟ್‌ನ ಇತ್ತೀಚಿನ ವಿಮಾಗಣಕ ವರದಿ ಎಲ್ಲಿದೆ? ತುಟ್ಟಿಭತ್ಯೆ ಏರಿಕೆ ಎಷ್ಟು ಹಿಡಿದಿದ್ದೀರಿ, ಯಾವ ಮರಣ ಕೋಷ್ಟಕ ಬಳಸಿದ್ದೀರಿ? ಹಿಂದಿನ ವರ್ಷಗಳಲ್ಲಿ ಯಾರ ಪಾಲು ಎಷ್ಟು ಬಾಕಿ ಉಳಿಯಿತು?