ಹಕ್ಕಿನ ಷೇರು: ಹಣ ಕಟ್ಟಬೇಕೇ, ಹಕ್ಕು ಮಾರಬೇಕೇ?

2020ರ ಮೇನಲ್ಲಿ ರಿಲಯನ್ಸ್ ತನ್ನ ಷೇರುದಾರರಿಗೆ ಪ್ರತಿ 15 ಷೇರಿಗೆ 1 ಹೊಸ ಷೇರನ್ನು 1,257 ರೂಪಾಯಿಗೆ ಕೊಳ್ಳುವ ಹಕ್ಕು ಕೊಟ್ಟಿತು. ಪೇಟೆ ಬೆಲೆಗಿಂತ ಕಡಿಮೆ, ನಿಜ. ಆದರೆ ಇದು ಉಡುಗೊರೆಯಲ್ಲ. ಅಗ್ಗದ ಷೇರು ಸೇರಿದಾಗ ಹಳೆಯ ಷೇರಿನ ಮೌಲ್ಯ ತುಸು ಇಳಿಯುತ್ತದೆ. ಆ ಇಳಿಕೆಯನ್ನು ತುಂಬಿಕೊಡುವುದೇ ಡಿಮ್ಯಾಟ್ ಖಾತೆಗೆ ಬರುವ ಹಕ್ಕು, ಅಂದರೆ ಆರ್‌ಇ. ಬೆಲೆಯಿರುವ ಹಕ್ಕನ್ನು ಬಳಸದೆ, ಮಾರದೆ ಬಿಟ್ಟರೆ ಅದು ರದ್ದಾಗಿ ನಷ್ಟ ನಿಮಗೇ.

150 ಷೇರು ಇದ್ದವರಿಗೆ 10 ಆರ್‌ಇ. ಪೇಟೆಯಲ್ಲಿ ಷೇರು 1,440 ಇದ್ದರೆ, 1,257 ಕಳೆದು ಆರ್‌ಇಯ ಬೆಲೆ 183. ಹಾಗಾದರೆ 230 ಸಿಕ್ಕರೆ ಮಾರಬೇಕಲ್ಲವೇ? ಅವಸರ ಬೇಡ. ಅರ್ಜಿಯೊಂದಿಗೆ ಕಟ್ಟಬೇಕಿದ್ದುದು ಕಾಲು ಭಾಗ ಮಾತ್ರ. ಉಳಿದದ್ದು 2021ರ ಮೇ, ನವೆಂಬರ್‌ನಲ್ಲಿ. ಶೇ 6ರ ಬಡ್ಡಿ ಹಿಡಿದರೆ ಈ ಕಾಲಾವಕಾಶಕ್ಕೇ ಸುಮಾರು 70 ರೂಪಾಯಿ ಬೆಲೆ. ಹಾಗಾಗಿ 250ರ ಒಳಗಿದ್ದರೆ ಹಣ ಕಟ್ಟುವುದು ಲಾಭ, ಮೇಲಿದ್ದರೆ ಮಾರುವುದು. ಮಾರಿದರೆ ಕಂಪನಿಯಲ್ಲಿ ನಿಮ್ಮ ಪಾಲು ಕುಗ್ಗುತ್ತದೆ ಎಂಬ ಆಕ್ಷೇಪವಿದೆ. ಕುಗ್ಗಿದ್ದಕ್ಕೆ ನಗದು ಕೈ ಸೇರಿರುತ್ತದೆ. ಕಂತು ಕಟ್ಟಲು ಹಣವಿಲ್ಲದವರಿಗೆ ಅದೇ ದಾರಿ. ಆದರೆ ಆರ್‌ಇ ವಹಿವಾಟು ಮೇ 29ಕ್ಕೇ ಮುಗಿಯಿತು, ಅರ್ಜಿಗೆ ಜೂನ್ 3ರವರೆಗೆ ಸಮಯವಿತ್ತು. ಮಾರುವವರು ಮೊದಲೇ ನಿರ್ಧರಿಸಬೇಕು.